ವಾಕಿಂಗ್‌ನಲ್ಲಿ ಸ್ವಲ್ಪ ಜೋರಾಗಿ ನಡೆದ್ರೆ ಎದೆ ಹೊಡ್ಕೊಂಡು ಗಾಬರಿ ಆಗುತ್ತೆ, ಮುಂದುವರಿಸೋದಾ ಬಿಡೋದಾ?

ಕಲ್ಲಹಳ್ಳಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 36. ಲೆಕ್ಕಪತ್ರ ನೋಡ್ಕೊಳ್ಳೋ ಕೆಲಸ, ಬೆಳಗ್ಗೆ ಕುರ್ಚಿ ಮೇಲೆ ಕೂತ್ರೆ ಸಂಜೆನೇ ಏಳೋದು. ಶ್ರಾವಣದಲ್ಲಿ ಒಂದು ರಾತ್ರಿ ಊಟ ಮುಗಿಸಿ ಸುಮ್ನೆ ಕೂತಿದ್ದಾಗ ಇದ್ದಕ್ಕಿದ್ದಂಗೆ ಎದೆ ಡವಡವ ಅನ್ನೋಕೆ ಶುರುವಾಯ್ತು. ಕೈ ಬೆವರಿತು, ಉಸಿರು ಸಿಗದ ಹಾಗಾಯ್ತು, ಇನ್ನು ಉಳಿಯಲ್ಲ ಅಂದ್ಕೊಂಡೆ. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಅರ್ಧ ಇಳಿದಿತ್ತು. ಇಸಿಜಿ, ಎಕೋ ಎರಡೂ ಸರಿಯಾಗಿವೆ, ಇದು ಪ್ಯಾನಿಕ್ ಅಟ್ಯಾಕ್ ಅಂದ್ರು. ಆಮೇಲೆ ಮನೋವೈದ್ಯರು ದಿನಕ್ಕೊಂದು ಮಾತ್ರೆ ಕೊಟ್ಟು, ತೀರಾ ಕಷ್ಟ ಆದಾಗ ಅಂತ ಇನ್ನೊಂದು ಮಾತ್ರೆ ಬರೆದುಕೊಟ್ಟು, "ದಿನಾ ವಾಕಿಂಗ್ ಮಾಡಿ" ಅಂದ್ರು.

ತೊಂದರೆ ಇರೋದು ಇಲ್ಲೇ. ಕ್ರೀಡಾಂಗಣದಲ್ಲಿ ನಿಧಾನಕ್ಕೆ ನಡೆದ್ರೆ ಏನೂ ಆಗಲ್ಲ. ಸ್ವಲ್ಪ ಬಿರುಸಾಗಿ ನಡೆದ್ರೆ ಎದೆ ಬಡಿತ ಏರುತ್ತೆ, ತಕ್ಷಣ ಅವತ್ತಿನ ರಾತ್ರಿ ನೆನಪಾಗುತ್ತೆ. ವಾಚ್ ನೋಡಿದ್ರೆ 120 ತೋರಿಸುತ್ತೆ, ನೋಡ್ತಾ ನೋಡ್ತಾ ಇನ್ನೂ ಏರುತ್ತೆ. ವಾಪಸ್ ಮನೆಗೆ ಬಂದುಬಿಡ್ತೀನಿ. ಈಗಂತೂ ಬೆಳಗ್ಗೆ ಐದೂವರೆಗೆ ಅಲಾರಂ ಹೊಡೆದ್ರೆ ಹೊದಿಕೆಯಿಂದ ಕೈ ಆಚೆ ಬರೋದು ಅದನ್ನ ಆಫ್ ಮಾಡೋಕೆ ಮಾತ್ರ. ಗಾಬರಿ ಕಡಿಮೆ ಆಗ್ಲಿ ಅಂತ ಹೋದ್ರೆ ಗಾಬರಿನೇ ಬರೋದಾದ್ರೆ ಈ ವಾಕಿಂಗ್ ನನಗೆ ಆಗಿಬರುತ್ತಾ?

ರಾಗಿಮುದ್ದೆ_ಶಕ್ತಿ

ಅಣ್ಣ, ತೂಕ ಎಷ್ಟಿದೆ ಹೇಳಿ. ಅನ್ನ ಬಿಟ್ಟು ಎರಡು ಹೊತ್ತು ಮುದ್ದೆ ಮಾಡ್ಕೊಳ್ಳಿ, ಜೊತೆಗೆ ದಿನಾ ಹತ್ತು ಸಾವಿರ ಹೆಜ್ಜೆ ಹಾಕಿ. ನಮ್ಮ ಭಾವಂಗೆ ಶುಗರ್ ಹಂಗೇ ಹತೋಟಿಗೆ ಬಂತು.

ಕಲ್ಲಹಳ್ಳಿ_ಮಂಡ್ಯ

ಶುಗರ್ ಇಲ್ಲಣ್ಣ, ತೂಕವೂ ಜಾಸ್ತಿ ಇಲ್ಲ. ನಡೆಯುವಾಗ ಆಗೋ ಗಾಬರಿ ಬಗ್ಗೆ ಕೇಳಿದ್ದು.

ಬೆಟ್ಟದ_ದಾರಿ

ಮೈಸೂರಿಗೆ ಬಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಗುರು. ಒಂದೇ ಸಲ ಪೂರ್ತಿ ಹತ್ತಿ ಇಳಿದ್ರೆ ಹೆದರಿಕೆ ಅಲ್ಲೇ ಸತ್ತೋಗುತ್ತೆ. ಬೆವರು ಹರಿದ್ರೆ ಎಂಡಾರ್ಫಿನ್ ಬಿಡುಗಡೆ ಆಗುತ್ತೆ, ಮನಸ್ಸು ತಾನಾಗೇ ಹಗುರ ಆಗುತ್ತೆ. ಒಂದು ವಾರ ಸಾಕು.

ಓದುಗ_ಕುವೆಂಪುನಗರ

ಹುಷಾರು. ಪ್ಯಾನಿಕ್ ಇರೋರಿಗೆ ಜೋರು ವ್ಯಾಯಾಮ ಒಳ್ಳೇದಲ್ಲ ಅಂತ ಹಿಂದೆ ಓದಿದ್ದೆ. ವ್ಯಾಯಾಮದಲ್ಲಿ ರಕ್ತದಲ್ಲಿ ಲ್ಯಾಕ್ಟೇಟ್ ಅನ್ನೋ ರಾಸಾಯನಿಕ ಹೆಚ್ಚಾಗುತ್ತೆ, ಅದೇ ಲ್ಯಾಕ್ಟೇಟ್ ಪ್ಯಾನಿಕ್ ತರಿಸುತ್ತೆ. ನಿಧಾನಕ್ಕೆ ನಡೆದ್ರೆ ಸಾಕು, ಎದೆ ಬಡಿತ ಏರೋಕೆ ಬಿಡಬೇಡಿ.

ಸರಸ್ವತಿಪುರಂ_ಅಕ್ಕ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಮೈಸೂರಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಕಲ್ಲಹಳ್ಳಿಯವರು ಹೇಳಿದ್ದನ್ನ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೀನಿ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು ಲ್ಯಾಕ್ಟೇಟ್ ವಿಷಯ. ಕುವೆಂಪುನಗರದವರು ಓದಿದ್ದು ಸುಳ್ಳಲ್ಲ. 1967ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಆತಂಕದ ರೋಗಿಗಳಿಗೆ ಲ್ಯಾಕ್ಟೇಟನ್ನ ಡ್ರಿಪ್ ಮೂಲಕ ನರಕ್ಕೆ ಕೊಟ್ಟಾಗ ಹಲವರಿಗೆ ಗಾಬರಿ ಬಂತು. ಆಮೇಲೆ ಬಹಳ ವರ್ಷ ಇಂಥವರಿಗೆ ವ್ಯಾಯಾಮ ಬೇಡ ಅನ್ನೋ ಅಭಿಪ್ರಾಯ ಇತ್ತು. ಆದ್ರೆ ಡ್ರಿಪ್‌ನಲ್ಲಿ ಕೊಡೋದೂ ನಡೆದಾಗ ಮೈಯಲ್ಲಿ ತಾನಾಗಿ ಹುಟ್ಟೋದೂ ಒಂದೇ ಅಲ್ಲ. ಪ್ಯಾನಿಕ್ ಇರೋರನ್ನ ಓಡಿಸಿ, ಸೈಕಲ್ ತುಳಿಸಿ ನೋಡಿದಾಗ ಹೆಚ್ಚಿನವರಿಗೆ ಅಟ್ಯಾಕ್ ಬರಲೇ ಇಲ್ಲ. 1998ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ 46 ಜನ ಪ್ಯಾನಿಕ್ ರೋಗಿಗಳನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಓಟ, ಒಂದಕ್ಕೆ ಪ್ಯಾನಿಕ್‌ಗೆ ಕೊಡೋ ಕ್ಲೋಮಿಪ್ರಮಿನ್ ಮಾತ್ರೆ, ಇನ್ನೊಂದಕ್ಕೆ ಔಷಧಿ ಇಲ್ಲದ ಮಾತ್ರೆ. 10 ವಾರದ ಕೊನೆಗೆ ಓಡಿದವರು ಔಷಧಿ ಇಲ್ಲದವರಿಗಿಂತ ಚೆನ್ನಾಗಿದ್ರು. ನಿಜವಾದ ಮಾತ್ರೆ ತಗೊಂಡವರು ಓಡಿದವರಿಗಿಂತ ಬೇಗ, ಅವರಿಗಿಂತ ಹೆಚ್ಚು ಸುಧಾರಿಸಿದ್ರು. ಓಟದ ಗುಂಪಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಅರ್ಧಕ್ಕೇ ಬಿಟ್ಟಿದ್ರು. ನಡಿಗೆಯನ್ನ ಮಾತ್ರೆಗೆ ಬದಲಿ ಅಂದ್ಕೋಬೇಡಿ ಅಂತ ನಾನು ಹೇಳೋದು ಇದಕ್ಕೇ. ಜೊತೆಗಿಟ್ಟುಕೊಳ್ಳಿ.

ಈಗ ನಿಮ್ಮ ಎದೆ ಬಡಿತ. ನಿಮಗೆ ಆಗ್ತಿರೋದು ವಾಕಿಂಗ್ ಒಗ್ಗದೇ ಇರೋದಲ್ಲ. ಅವತ್ತು ರಾತ್ರಿ ಜೋರಾದ ಎದೆ ಬಡಿತ ಮತ್ತು "ಸತ್ತೆ" ಅನ್ನೋ ಭಯ ಎರಡೂ ಒಟ್ಟಿಗೆ ಬಂದ್ವು, ಮನಸ್ಸು ಎರಡನ್ನೂ ಗಂಟು ಹಾಕಿಬಿಡ್ತು. ಈಗ ಯಾವ ಕಾರಣಕ್ಕೆ ಎದೆ ಹೊಡ್ಕೊಂಡರೂ ಭಯ ಹಿಂದೆಯೇ ಬರುತ್ತೆ. ಭಯ ಬಂದಾಗ ಬಡಿತ ಇನ್ನಷ್ಟು ಏರುತ್ತೆ, ನೀವು ವಾಚ್‌ನಲ್ಲಿ ನೋಡಿದ್ದು ಅದನ್ನೇ. ಆ ಕ್ಷಣಕ್ಕೆ ಮನೆಗೆ ತಿರುಗಿದಾಗ ಹಾಯೆನಿಸುತ್ತೆ. ಆದ್ರೆ ಆಗ ಮನಸ್ಸು ಕಲಿಯೋದು "ಓಡಿ ಬಂದಿದ್ದಕ್ಕೆ ಬದುಕಿದೆ" ಅಂತ. ಬಡಿತ ಏರಿ, ತಾನಾಗೇ ಇಳಿದು, ಏನೂ ಆಗದೆ ಇರೋದನ್ನ ನಿಮ್ಮ ಮೈ ಪದೇ ಪದೇ ಅನುಭವಿಸಬೇಕು. ಆಗ ಗಂಟು ಸಡಿಲ ಆಗುತ್ತೆ. ಎಂಡಾರ್ಫಿನ್ ಪಾತ್ರ ಇರಬಹುದು, ಆದ್ರೆ ನಿಮ್ಮಂಥವರಿಗೆ ಈ ಕಲಿಕೆಯೇ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಹಾಗಾಗಿ "ಬಡಿತ ಏರೋಕೆ ಬಿಡಬೇಡಿ" ಅನ್ನೋ ಸಲಹೆ ಕೊನೇವರೆಗೂ ಪಾಲಿಸಿದ್ರೆ ಭಯ ಅಲ್ಲೇ ಉಳಿಯುತ್ತೆ.

ಬೆಟ್ಟದ ಮೆಟ್ಟಿಲು ಮಾತ್ರ ಈಗ ಬೇಡ. ಕಡಿದಾದ ಮೆಟ್ಟಿಲಲ್ಲಿ ಎರಡು ಮೂರು ನಿಮಿಷಕ್ಕೇ ಏದುಸಿರು ಬರುತ್ತೆ. ಮಧ್ಯದಲ್ಲಿ ಗಾಬರಿಯಾಗಿ ಇಳಿದು ಬಂದ್ರೆ ಮುಂದಿನ ಸಲ ಮನೆ ಬಾಗಿಲು ದಾಟೋದೂ ಕಷ್ಟ.

ಒಂದು ಪ್ರಶ್ನೆ. ನಡೆಯುವಾಗ ಎದೆ ಬಿಗಿಯೋ ನೋವು, ದವಡೆಗೋ ಎಡಗೈಗೋ ಹರಡೋ ನೋವು, ತಲೆ ತಿರುಗಿ ಬಿದ್ದಿದ್ದು, ಇಂಥದ್ದು ಏನಾದ್ರೂ ಇದೆಯಾ? ಮನೇಲಿ ಚಿಕ್ಕ ವಯಸ್ಸಿಗೇ ಹೃದಯದಿಂದ ತೀರಿಕೊಂಡವರು ಇದ್ದಾರಾ? ಇದ್ರೆ ನಾನು ಮುಂದೆ ಬರೆಯೋದು ಯಾವುದೂ ಬೇಡ, ಮೊದಲು ಹೃದಯದ ವೈದ್ಯರಿಗೆ ಹೇಳಿ. ನಡೆದಾಗಲೆಲ್ಲ ಬಂದು ನಿಂತಾಗ ಹೋಗೋ ಎದೆನೋವನ್ನ "ಆತಂಕ ಇರಬಹುದು" ಅಂತ ಯಾರೂ ಮನೇಲೇ ತೀರ್ಮಾನ ಮಾಡಬಾರದು.

ಕಲ್ಲಹಳ್ಳಿ_ಮಂಡ್ಯ

ನೋವು ಇಲ್ಲ ಮೇಡಂ. ತಲೆ ತಿರುಗಿ ಬಿದ್ದಿಲ್ಲ. ಮನೇಲಿ ಯಾರಿಗೂ ಹಾಗಾಗಿಲ್ಲ. ಬರೀ ಬಡಿತ, ಸ್ವಲ್ಪ ಬೆವರು, ಮತ್ತೆ ಆ ಭಯ.

ಮೂರು_ಮಕ್ಕಳ_ತಾಯಿ

ಮಧ್ಯೆ ಬಾಯಿ ಹಾಕ್ತಿದ್ದೀನಿ. ನನಗೂ ಎದೆ ಹೊಡ್ಕೊಳ್ಳೋದು, ಕೈ ನಡುಗೋದು, ನಿದ್ದೆ ಇಲ್ಲ. ಎಲ್ಲರೂ ಟೆನ್ಷನ್ ಅಂದ್ರು. ತಿಂಗಳುಗಟ್ಟಲೆ ಕುಕ್ಕರಹಳ್ಳಿ ಕೆರೆ ಸುತ್ತಿದೆ, ಒಂದು ಚೂರೂ ಇಳಿಯಲಿಲ್ಲ. ಚೆನ್ನಾಗಿ ಊಟ ಮಾಡ್ತಿದ್ರೂ ತೂಕ ಇಳೀತಾ ಹೋಯ್ತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದ್ರೆ ಥೈರಾಯ್ಡ್ ಜಾಸ್ತಿ ಇತ್ತು. ಅದಕ್ಕೆ ಮಾತ್ರೆ ಶುರುವಾದ ಮೇಲೆ ನಡುಕ ನಿಂತಿದ್ದು. ನಿಮ್ಮದು ಇಸಿಜಿ, ಎಕೋ ಅಂದ್ರಿ, ರಕ್ತ ಪರೀಕ್ಷೆ ಹೇಳಲಿಲ್ಲ.

ಸರಸ್ವತಿಪುರಂ_ಅಕ್ಕ

ತುಂಬ ಒಳ್ಳೆ ಮಾತು ಹೇಳಿದ್ರಿ. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ನೋಡಿಸಲೇಬೇಕು. ರಕ್ತ ಕಡಿಮೆ ಇದ್ರೂ ಸ್ವಲ್ಪ ನಡೆದ್ರೆ ಬಡಿತ ಏರುತ್ತೆ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಬಹಳ.

ಕಲ್ಲಹಳ್ಳಿಯವರೇ, ಬೆಳಗ್ಗೆ ಎದ್ದು ಏನು ಕುಡಿದು ಹೋಗ್ತಿದ್ರಿ?

ಕಲ್ಲಹಳ್ಳಿ_ಮಂಡ್ಯ

ಕಾಫಿ. ಅದಿಲ್ಲದೆ ಕಣ್ಣೇ ಬಿಡಲ್ಲ. ದೊಡ್ಡ ಲೋಟ, ಡಿಕಾಕ್ಷನ್ ಸ್ವಲ್ಪ ಗಟ್ಟಿ.

ಸರಸ್ವತಿಪುರಂ_ಅಕ್ಕ

ಬರಿ ಹೊಟ್ಟೆಗೆ ಗಟ್ಟಿ ಕಾಫಿ ಕುಡಿದು ಅರ್ಧ ಗಂಟೆಗೆ ಬಿರುಸಾಗಿ ನಡೆದ್ರೆ, ಕೆಫೀನ್ ರಕ್ತದಲ್ಲಿ ಹೆಚ್ಚಾಗೋ ಹೊತ್ತಿಗೇ ನೀವು ಬಡಿತಾನೂ ಏರಿಸ್ತಿದ್ದೀರಿ. ಪ್ಯಾನಿಕ್ ಇರೋರಿಗೆ ಕೆಫೀನ್ ಬೇರೆಯವರಿಗಿಂತ ಜಾಸ್ತಿ ತಾಕುತ್ತೆ. ಕಾಫಿ ಬಿಡಿ ಅನ್ನಲ್ಲ, ನಡೆದು ಬಂದ ಮೇಲೆ ಕುಡಿಯಿರಿ. "ಮುಗಿಸಿ ಬಂದ್ರೆ ಕಾಫಿ" ಅಂತ ಇಟ್ಕೊಂಡ್ರೆ ಏಳೋಕೂ ಒಂದು ಕಾರಣ ಸಿಗುತ್ತೆ.

ಏಳೋಕೆ ಮನಸ್ಸಿಲ್ಲ ಅಂದ್ರಲ್ಲ, ಅದಕ್ಕೆ ನಾನು ಕೊಡ್ತಿದ್ದ ಕ್ರಮ ಹೇಳ್ತೀನಿ. ಮನಸ್ಸು ಬರಲಿ ಅಂತ ಕಾಯಬೇಡಿ, ಆತಂಕ ಮತ್ತು ಬೇಸರ ಎರಡೂ ಇದ್ದಾಗ ಅದು ಮೊದಲು ಬರೋದೇ ಇಲ್ಲ. ಹೊತ್ತು ಗೊತ್ತುಮಾಡಿ, ಆದ್ರೆ ಐದೂವರೆ ಯಾಕೆ? ಬೆಳಗ್ಗೆನೇ ನಡೀಬೇಕು ಅನ್ನೋ ನಿಯಮ ಇಲ್ಲ. ನೀವು ಈಗಾಗಲೇ ದಿನಾ ಮಾಡೋ ಒಂದು ಕೆಲಸದ ಬೆನ್ನಿಗೆ ಕಟ್ಟಿ. ಆಫೀಸಿನಿಂದ ಬಂದು ಚಪ್ಪಲಿ ಬಿಡೋ ಮೊದಲೇ ಹೊರಟುಬಿಡಿ, ಒಳಗೆ ಹೋಗಿ ಸೋಫಾ ಮೇಲೆ ಕೂತ್ರೆ ಅವತ್ತಿನದು ಮುಗೀತು. ಮೊದಲ ವಾರ ಹೋಗೋಕೆ ಐದು ನಿಮಿಷ, ಬರೋಕೆ ಐದು ನಿಮಿಷ, ಅಷ್ಟೇ. ಸಮತಟ್ಟು ರಸ್ತೆ, ಆರಾಮಾದ ನಡಿಗೆ. ಚೆನ್ನಾಗಿ ಅನ್ನಿಸಿದ ದಿನವೂ ಅದನ್ನ ಅರ್ಧ ಗಂಟೆ ಮಾಡಬೇಡಿ. ಒಂದು ದಿನ ತಪ್ಪಿದ್ರೆ ಮಾರನೇ ದಿನ ಎರಡರಷ್ಟು ಮಾಡೋಕೂ ಹೋಗಬೇಡಿ, ಮತ್ತೆ ಅದೇ ಹತ್ತು ನಿಮಿಷ.

ಎರಡನೇ ವಾರದಿಂದ ನಡುವೆ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ. ಇದನ್ನ ಮೂರು ಸಲ ಮಾಡಿ. ಬಿರುಸು ಅಂದ್ರೆ ಪಕ್ಕದವರ ಜೊತೆ ಮಾತಾಡೋಕಾಗಬೇಕು, ಹಾಡೋಕೆ ಆಗಬಾರದು. ಅಳತೆ ಇದೇ, ವಾಚ್ ಅಲ್ಲ. ಬಡಿತ ಏರಿದಾಗ ನಿಲ್ಲಬೇಡಿ, ಮನೆ ಕಡೆ ತಿರುಗಲೂಬೇಡಿ, ನಡಿಗೆ ನಿಧಾನ ಮಾಡಿ. ಕೆಲವು ನಿಮಿಷದಲ್ಲಿ ಅದು ತಾನೇ ಇಳಿಯೋದನ್ನ ಗಮನಿಸಿ. ನಿಜವಾದ ಪ್ಯಾನಿಕ್ ಬಂದ್ರೂ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮೇಲಕ್ಕೇರಿ ಆಮೇಲೆ ಇಳಿಯೋಕೆ ಶುರುವಾಗುತ್ತೆ. ಆಗ ಮಾತ್ರ ಬೇಕಾದ್ರೆ ಮರ ಹಿಡ್ಕೊಂಡು ನಿಲ್ಲಿ. ಇಳಿದ ಮೇಲೆ ಇನ್ನೊಂದು ನಾಲ್ಕು ಹೆಜ್ಜೆ ಮುಂದಕ್ಕೆ ಹೋಗಿ, ಆಮೇಲೆ ತಿರುಗಿ.

ಇನ್ನೊಂದು ಕೆಲಸ. ಹೊರಡೋ ಮೊದಲು ಒಂದು ಚೀಟಿಯಲ್ಲಿ ಬರೀರಿ: ಇವತ್ತು ಏನಾಗುತ್ತೆ ಅಂತ ಭಯ, ಆ ಭಯ ಹತ್ತಕ್ಕೆ ಎಷ್ಟು. ಬಂದ ಮೇಲೆ ನಿಜಕ್ಕೂ ಏನಾಯ್ತು, ಈಗ ಎಷ್ಟು. ಎರಡು ಮೂರು ವಾರ ಆದ ಮೇಲೆ ಆ ಚೀಟಿಗಳನ್ನ ಜೋಡಿಸಿಕೊಂಡು ಓದಿ.

ಬೆಟ್ಟದ_ದಾರಿ

ಹತ್ತು ನಿಮಿಷದಿಂದ ಏನಾಗುತ್ತೆ ಮೇಡಂ? ವಾರಕ್ಕೆ 150 ನಿಮಿಷ ಆದ್ರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆಯಲ್ಲ.

ಸರಸ್ವತಿಪುರಂ_ಅಕ್ಕ

ಹೌದು, ದೊಡ್ಡವರಿಗೆ ಸಾಧಾರಣ ಬಿರುಸಿನ ಚಟುವಟಿಕೆ ವಾರಕ್ಕೆ 150ರಿಂದ 300 ನಿಮಿಷ ಅಂತ 2020ರ ಸಲಹೆಯಲ್ಲಿದೆ. ಅದು ತಲುಪಬೇಕಾದ ಊರು. ಇವರು ಇನ್ನೂ ಬಾಗಿಲು ದಾಟಬೇಕು. ಸ್ವಲ್ಪವಾದ್ರೂ ಮಾಡೋದು ಏನೂ ಮಾಡದೇ ಇರೋದಕ್ಕಿಂತ ಮೇಲು ಅಂತ ಅದೇ ಸಲಹೆಯಲ್ಲೂ ಇದೆ. ಒಂದು ಸಲ ನಡೆದು ಬಂದ್ರೆ ಕೆಲವು ಗಂಟೆ ಮನಸ್ಸು ತಿಳಿಯಾಗಬಹುದು, ಅದು ಅವತ್ತಿನ ಲಾಭ. ಬಡಿತದ ಭಯ ಕರಗೋಕೆ ವಾರಗಳು ಬೇಕು.

ರೈಲು_ಪಾಸ್

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡೋನು. ನನ್ನದು ಪ್ಯಾನಿಕ್ ಅಲ್ಲ, ಇಡೀ ದಿನ ಏನೋ ಕೆಟ್ಟದಾಗುತ್ತೆ ಅನ್ನೋ ಚಿಂತೆ. ಬೆಳಗ್ಗೆ ಬೇಗ ಎದ್ದು ವಾಕಿಂಗ್ ಅಂದ್ರೆ ಆಗ್ತಾನೇ ಇರಲಿಲ್ಲ. ಸ್ಟೇಷನ್ನಿಂದ ಆಫೀಸಿಗೆ ಆಟೋ ಬಿಟ್ಟು ನಡೆಯೋಕೆ ಶುರು ಮಾಡಿದೆ. ಹೇಗೂ ಆಫೀಸಿಗೆ ಹೋಗಲೇಬೇಕು, ಹಾಗಾಗಿ ಮನಸ್ಸನ್ನ ಕೇಳೋ ಪ್ರಶ್ನೆನೇ ಬರಲ್ಲ. ಚಿಂತೆ ಪೂರ್ತಿ ಹೋಗಿಲ್ಲ. ಆದ್ರೆ ನಡೆದ ದಿನ ನಿದ್ದೆ ಬೇಗ ಹತ್ತುತ್ತೆ, ಅದು ನನಗೆ ದೊಡ್ಡದು.

ಓದುಗ_ಕುವೆಂಪುನಗರ

ಲ್ಯಾಕ್ಟೇಟ್ ಬಗ್ಗೆ ವಿವರ ಕೊಟ್ಟಿದ್ದಕ್ಕೆ ಧನ್ಯವಾದ ಅಕ್ಕ. ಒಂದು ಅನುಮಾನ. ಒಬ್ಬರೇ ಹೋಗೋದಕ್ಕಿಂತ ಜೊತೆಗೆ ಯಾರಾದ್ರೂ ಇದ್ರೆ ಒಳ್ಳೇದಲ್ವಾ?

ಸರಸ್ವತಿಪುರಂ_ಅಕ್ಕ

ಶುರುವಿನಲ್ಲಿ ಒಳ್ಳೇದು. ಹೆಂಡತಿಯೋ ಗೆಳೆಯನೋ ಬಾಗಿಲಲ್ಲಿ ನಿಂತಿದ್ರೆ ಹೊರಡೋದು ಸುಲಭ. ಆದ್ರೆ ಪ್ಯಾನಿಕ್ ಇರೋರಲ್ಲಿ "ಇವರು ಇದ್ದದ್ದಕ್ಕೆ ಏನೂ ಆಗಲಿಲ್ಲ" ಅನ್ನೋ ನಂಬಿಕೆ ಬೆಳೆಯುತ್ತೆ. ಆಸ್ಪತ್ರೆ ಇರೋ ರಸ್ತೆಯಲ್ಲೇ ನಡೆಯೋದು, ನಿಮಿಷಕ್ಕೊಮ್ಮೆ ನಾಡಿ ಮುಟ್ಟೋದು, ವಾಚ್ ನೋಡೋದು, ಇವೂ ಹಾಗೇ. ಮೊದಲು ವಾಚ್ ಮನೇಲಿಡಿ. ಸ್ವಲ್ಪ ದಿನ ಆದ ಮೇಲೆ ವಾರಕ್ಕೊಂದು ಸಲ ಒಬ್ಬರೇ ಹೋಗಿ, ರಸ್ತೆ ಬದಲಾಯಿಸಿ.

ಮೂರು_ಮಕ್ಕಳ_ತಾಯಿ

ಅಕ್ಕ, ಇದನ್ನ ಮಾತ್ರ ನಾನು ಒಪ್ಪಲ್ಲ. ಹೆಂಗಸರಿಗೆ ಜೊತೆ ಅನ್ನೋದು ಮನಸ್ಸಿನ ಊರುಗೋಲಲ್ಲ, ಭದ್ರತೆ. ಕತ್ತಲಿರುವಾಗ ನಮ್ಮ ಬಡಾವಣೆ ಪಾರ್ಕಿನಲ್ಲಿ ಒಂದು ದೀಪ ಉರಿಯಲ್ಲ, ಬೀದಿ ನಾಯಿ ಹಿಂಡು ಬೇರೆ. ಒಬ್ಬಳೇ ಹೋಗಿ ಧೈರ್ಯ ತಂದ್ಕೋ ಅಂದ್ರೆ ಹೇಗೆ?

ಸರಸ್ವತಿಪುರಂ_ಅಕ್ಕ

ನಿಮ್ಮ ಮಾತು ನ್ಯಾಯ. ನಾಯಿ, ಕತ್ತಲೆ ನಿಜವಾದ ಅಪಾಯ, ಅದಕ್ಕೆ ಹೆದರೋದು ಕಾಯಿಲೆ ಅಲ್ಲ. ಒಬ್ಬರೇ ಹೋಗೋ ಅಭ್ಯಾಸವನ್ನ ಬೆಳಕಿರುವಾಗ, ಜನ ಓಡಾಡೋ ಕಡೆ ಮಾಡಬಹುದು.

ಮೂರು_ಮಕ್ಕಳ_ತಾಯಿ

ಬೆಳಕಿರುವಾಗ ಅಡುಗೆ, ಮಕ್ಕಳ ಸ್ಕೂಲು, ಸಂಜೆ ಟ್ಯೂಷನ್. ನಾನು ಈಗ ತಾರಸಿ ಮೇಲೆ ನಡೀತೀನಿ. ಅದು ಲೆಕ್ಕಕ್ಕಿದೆಯೋ ಇಲ್ಲವೋ ಗೊತ್ತಿಲ್ಲ, ಆದ್ರೆ ಅದೊಂದೇ ನನಗೆ ಸಿಗೋ ಹೊತ್ತು.

ರೈಲು_ಪಾಸ್

ಖಂಡಿತ ಲೆಕ್ಕಕ್ಕಿದೆ ಅಕ್ಕ. ಕಾಲಿಗೆ ತಾರಸಿ ಯಾವುದು ರಸ್ತೆ ಯಾವುದು ಅಂತ ಗೊತ್ತಾಗಲ್ಲ.

ಕಲ್ಲಹಳ್ಳಿ_ಮಂಡ್ಯ

ಕೆಲವು ವಾರ ಆದ ಮೇಲೆ ಬರೀತಿದ್ದೀನಿ. ಥೈರಾಯ್ಡ್, ಹಿಮೋಗ್ಲೋಬಿನ್ ಮಾಡಿಸಿದೆ, ಎರಡೂ ಸರಿ ಇವೆ. ಬೆಳಗ್ಗೆ ಬಿಟ್ಟು ಸಂಜೆಗೆ ಬದಲಾಯಿಸಿದೆ. ಆಫೀಸಿಂದ ಬಂದು ಬ್ಯಾಗ್ ಮಾತ್ರ ಒಳಗೆ ಕೊಟ್ಟು ಹಾಗೇ ಹೊರಡ್ತೀನಿ.

ಮೊದಲ ವಾರ ಹತ್ತು ನಿಮಿಷ ಬಹಳ ಸುಲಭ ಅನ್ನಿಸ್ತು. ಬಿರುಸು ನಡಿಗೆ ಶುರು ಮಾಡಿದ ದಿನ ಚೀಟಿಯಲ್ಲಿ ಬರೆದಿದ್ದು ಹೀಗೆ: "ಕ್ರೀಡಾಂಗಣದ ಗೇಟಿನ ಹತ್ತಿರ ಬಿದ್ದುಹೋಗ್ತೀನಿ, ಯಾರೂ ಗುರುತು ಹಿಡಿಯಲ್ಲ. ಹತ್ತಕ್ಕೆ ಎಂಟು." ಬಡಿತ ಏರಿತು, ಕಿವಿಯಲ್ಲೂ ಕೇಳಿಸ್ತಿತ್ತು. ನಿಧಾನ ಮಾಡಿದೆ, ತಿರುಗಲಿಲ್ಲ. ಪಕ್ಕದಲ್ಲಿ ಹುಡುಗರು ವಾಲಿಬಾಲ್ ಆಡ್ತಿದ್ರು, ಅವರ ಸ್ಕೋರ್ ಎಷ್ಟಾಯ್ತು ಅಂತ ಕೇಳಿಸಿಕೊಳ್ಳೋಷ್ಟು ಹೊತ್ತಿಗೆ ಬಡಿತ ಇಳಿದಿತ್ತು. ಮನೆಗೆ ಬಂದು ಬರೆದೆ: "ಬೀಳಲಿಲ್ಲ. ಬೆವರಿದೆ. ಮೂರು."

ಆಮೇಲೆ ಎಲ್ಲ ದಿನ ಹೀಗೇ ಆಯ್ತು ಅಂತಲ್ಲ. ಮಾರ್ಚ್ ಲೆಕ್ಕಪತ್ರದ ಕೆಲಸ ತಲೆ ಮೇಲೆ ಬಂದಾಗ ಒಂದು ವಾರ ಪೂರ್ತಿ ಹೋಗಲಿಲ್ಲ. ಮತ್ತೆ ಹೊರಟಾಗ ಭಯದ ಅಂಕಿ ಮತ್ತೆ ಆರಕ್ಕೆ ಹೋಗಿತ್ತು. ಈಗ ಬಿರುಸು ನಡಿಗೆ ನಾಲ್ಕೈದು ನಿಮಿಷ ಒಂದೇ ಸಮ ಆಗುತ್ತೆ. ವಾಚ್ ಬಿಟ್ಟಿದ್ದೀನಿ. ಆದ್ರೆ ಆ ಎರಡನೇ ಮಾತ್ರೆ ಶರ್ಟ್ ಜೇಬಿನಲ್ಲಿ ಇಲ್ಲದೆ ಗೇಟ್ ದಾಟೋಕೆ ಆಗ್ತಿಲ್ಲ. ನುಂಗಿಲ್ಲ, ಇಟ್ಕೊಂಡಿರ್ತೀನಿ ಅಷ್ಟೇ. ದಿನದ ಮಾತ್ರೆ ಕಡಿಮೆ ಮಾಡಬಹುದಾ ಅಂತಲೂ ಆಸೆ.

ಬೆಟ್ಟದ_ದಾರಿ

ಸೂಪರ್ ಗುರು. ಮಾತ್ರೆ ಬಿಟ್ಟಾಕಿ, ನಡಿಗೆನೇ ಔಷಧಿ.

ಸರಸ್ವತಿಪುರಂ_ಅಕ್ಕ

ದಯವಿಟ್ಟು ಹಾಗೆ ಹೇಳಬೇಡಿ. ದಿನದ ಮಾತ್ರೆಯನ್ನ ಇದ್ದಕ್ಕಿದ್ದಂತೆ ನಿಲ್ಲಿಸಿದ್ರೆ ತಲೆ ಸುತ್ತು, ನಿದ್ದೆಗೇಡು, ಆತಂಕ ಎಲ್ಲ ಬರಬಹುದು. ಅದನ್ನೇ ಜನ "ಕಾಯಿಲೆ ಮರುಕಳಿಸ್ತು, ವಾಕಿಂಗ್‌ನಿಂದ ಏನೂ ಆಗಲಿಲ್ಲ" ಅಂತ ತಿಳ್ಕೋತಾರೆ. ಕಲ್ಲಹಳ್ಳಿಯವರೇ, ಕಡಿಮೆ ಮಾಡೋದು ನಿಮ್ಮ ವೈದ್ಯರ ತೀರ್ಮಾನ, ಸಾಮಾನ್ಯವಾಗಿ ಸುಧಾರಿಸಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ ನಿಧಾನಕ್ಕೆ ಇಳಿಸ್ತಾರೆ. ಹೋಗುವಾಗ ಚೀಟಿಗಳನ್ನೂ ತಗೊಂಡು ಹೋಗಿ, ಮಾತಿಗಿಂತ ಅವು ಚೆನ್ನಾಗಿ ಹೇಳುತ್ತವೆ.

ಜೇಬಿನ ಮಾತ್ರೆ ಬಗ್ಗೆ ನನಗೆ ನನ್ನದೇ ಅಭಿಪ್ರಾಯ ಇದೆ, ಆದ್ರೆ ಅದು ಯಾವ ಮಾತ್ರೆ ಅಂತ ತಿಳಿಯದೆ ಹೇಳಲ್ಲ. ಬಡಿತ ತಗ್ಗಿಸೋ ಮಾತ್ರೆಯೋ, ನಿದ್ದೆ ಬರಿಸೋ ಜಾತಿಯದೋ ಅವರನ್ನೇ ಕೇಳಿ. ನುಂಗದಿದ್ರೂ ಜೊತೆಗಿಟ್ಟುಕೊಳ್ಳೋದು ಕಲಿಕೆಗೆ ಅಡ್ಡ ಬರ್ತಿದೆಯಾ ಅಂತಲೂ ಕೇಳಿ. ಕೆಲವು ವೈದ್ಯರು ತಕ್ಷಣ ಬಿಡಿಸ್ತಾರೆ, ಕೆಲವರು ಇನ್ನೂ ಸ್ವಲ್ಪ ಕಾಲ ಇರಲಿ ಅಂತಾರೆ.

ಪಾಳಿ_ಕೆಲಸ_ಮೈಸೂರು

ಇದನ್ನೆಲ್ಲ ಓದ್ತಾ ಇದ್ದೆ. ನನಗೆ ಭಯಕ್ಕಿಂತ ಹೆಚ್ಚಾಗಿ ಯಾವುದರಲ್ಲೂ ಮನಸ್ಸಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗ್ತೀನಿ, ನಿದ್ದೆ ಬರಲ್ಲ, ಊಟ ರುಚಿಸಲ್ಲ, ಫೋನ್ ಎತ್ತೋಕೂ ಬೇಜಾರು. ಚಪ್ಪಲಿ ಹಾಕ್ಕೊಳ್ಳೋ ಶಕ್ತಿನೂ ಇಲ್ಲ. ಹತ್ತು ನಿಮಿಷವೂ ಆಗದಿದ್ರೆ?

ಸರಸ್ವತಿಪುರಂ_ಅಕ್ಕ

ಎಷ್ಟು ದಿನದಿಂದ ಹೀಗಿದೆ? ಎರಡು ವಾರಕ್ಕಿಂತ ಹೆಚ್ಚಾಗಿದ್ರೆ ಅದು ಸೋಮಾರಿತನವೂ ಅಲ್ಲ, ಬರೀ ಆತಂಕವೂ ಅಲ್ಲದೇ ಇರಬಹುದು, ಖಿನ್ನತೆ ಇರಬಹುದು. ವಾಕಿಂಗ್ ಶುರು ಆದ ಮೇಲೆ ನೋಡೋಣ ಅಂತ ಕಾಯಬೇಡಿ, ಮೊದಲು ವೈದ್ಯರನ್ನ ಕಾಣಿ. ಹೋಗೋಕೂ ಆಗ್ತಿಲ್ಲ ಅಂದ್ರೆ ಮಲಗಿದ ಕಡೆಯಿಂದಲೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಯೋಚನೆ ಬಂದಿದ್ರೆ ಇವತ್ತೇ ಮನೆಯವರಲ್ಲಿ ಒಬ್ಬರಿಗೆ ಹೇಳಿ, ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಕರೆ ಮಾಡಿ.

ನಡಿಗೆ ವಿಷಯಕ್ಕೆ, ಪಾಳಿ ಮುಗಿಸಿ ಬಂದಾಗ ಬೇಡ. ಮಲಗಿ ಎದ್ದ ಮೇಲೆ ಮನೆ ಮುಂದೆ ಬಿಸಿಲಿಗೆ ಬಂದು ಎರಡು ನಿಮಿಷ ನಿಂತು ಒಳಗೆ ಹೋಗಿ, ಈ ವಾರಕ್ಕೆ ಅಷ್ಟು ಸಾಕು.

ಪಾಳಿ_ಕೆಲಸ_ಮೈಸೂರು

ತಿಂಗಳ ಮೇಲಾಯ್ತು ಅಕ್ಕ. ಸಾಯೋ ಯೋಚನೆ ಇಲ್ಲ. ನಾಳೆ ರಜೆ, ಆ ನಂಬರಿಗೆ ಮಾಡ್ತೀನಿ.

ರೈಲು_ಪಾಸ್

ಮಾಡಿ ಆದ ಮೇಲೆ ಇಲ್ಲಿ ಒಂದು ಸಾಲು ಹಾಕಿ ಅಣ್ಣ. ನಾನು ದಿನಾ ಮೈಸೂರಿನಲ್ಲೇ ಇರ್ತೀನಿ, ಆಸ್ಪತ್ರೆಗೆ ಜೊತೆಗೆ ಯಾರಾದ್ರೂ ಬೇಕು ಅನ್ನಿಸಿದ್ರೆ ಸಂಜೆ ಐದರ ಮೇಲೆ ಬರ್ತೀನಿ.